ಸ್ಟಾರ್ ಲೋಡಿನ ಲೆಕ್ಕ: ಮೊದಲು ಫೇಸ್, ಆಮೇಲೆ ಲೈನ್

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮಕ್ಕಳಿಗೆ ತ್ರೀ ಫೇಸ್ ಹೊಸತೇನಲ್ಲ. ಅಡಿಕೆ ತೋಟದ ಪಂಪ್ ಶೆಡ್ಡಿನಲ್ಲಿ ಒಂದು ಫೇಸ್ ಹೋದರೆ ಮೋಟಾರಿನ ಸದ್ದು ಹೇಗೆ ಬದಲಾಗುತ್ತದೆ ಎಂದು ಎಂಟನೇ ಕ್ಲಾಸಿನ ಹುಡುಗನಿಗೂ ಗೊತ್ತು. ಆದರೆ ಐಟಿಐಗೋ ಡಿಪ್ಲೊಮಾಕ್ಕೋ ಸೇರಿ ಸ್ಟಾರ್ ಲೋಡಿನ ಲೆಕ್ಕಕ್ಕೆ ಕೂತರೆ, ಹತ್ತರಲ್ಲಿ ಆರು ಮಂದಿ ಮಾಡುವುದು ಒಂದೇ ಕೆಲಸ. ಲೈನ್ ವೋಲ್ಟೇಜನ್ನು ಹಿಡಿದು ಸೀದಾ ಇಂಪೆಡೆನ್ಸಿನಿಂದ ಭಾಗಿಸಿಬಿಡುವುದು. ಅಲ್ಲಿಗೆ ಲೆಕ್ಕ ಕೆಟ್ಟಿತು.

ಒಂದು ಉದಾಹರಣೆ ಹಿಡಿಯೋಣ. ಒಂದೇ ತರದ ಮೂರು ಕಾಯಿಲುಗಳನ್ನು ಸ್ಟಾರಿನಲ್ಲಿ ಜೋಡಿಸಿದೆ. ಪ್ರತಿ ಕಾಯಿಲಿನ ರೆಸಿಸ್ಟೆನ್ಸ್ 16 ಓಮ್, ಇಂಡಕ್ಟಿವ್ ರಿಯಾಕ್ಟೆನ್ಸ್ 12 ಓಮ್. ಲೈನ್ ವೋಲ್ಟೇಜು 415.

ಮೊದಲು ಇಂಪೆಡೆನ್ಸ್. 16ಕ್ಕೆ 12 ಕೂಡಿಸಿ 28 ಅಂತ ಬರೆಯಬೇಡಿ. ವರ್ಗ ಮಾಡಿ ಕೂಡಿಸಿ, ವರ್ಗಮೂಲ ತೆಗೆಯಿರಿ: √(256 + 144) = 20 ಓಮ್. ಕೂಡಲೇ ಪಕ್ಕದಲ್ಲೇ ಪವರ್ ಫ್ಯಾಕ್ಟರನ್ನೂ ಬರೆದುಬಿಡಿ: 16 ÷ 20 = 0.8, ಲ್ಯಾಗಿಂಗ್. ಕೋನ ಬೇಕೇ ಬೇಕೆಂದರೆ ಅದು 36.87 ಡಿಗ್ರಿ. ಆದರೆ ಕೋನ ಕಂಡುಹಿಡಿದು, ಮತ್ತೆ ಅದರ ಕಾಸ್ ತೆಗೆಯುವ ಸುತ್ತುದಾರಿ ಯಾಕೆ? ಕ್ಯಾಲ್ಕುಲೇಟರ್ ರೇಡಿಯನ್ನಿನಲ್ಲಿ ಕೂತಿದ್ದರೆ ಅಲ್ಲೇ ಮುಗ್ಗರಿಸುತ್ತೀರಿ. ಭಾಗಾಕಾರ ಸಾಕು.

ಈಗ ಫೇಸ್ ವೋಲ್ಟೇಜು. ಎಲ್ಲರೂ ಎಡವುವ ಜಾಗ ಇದೇ, ಸ್ವಲ್ಪ ನಿಧಾನ ಮಾಡೋಣ. ಸ್ಟಾರಿನಲ್ಲಿ ಪ್ರತಿ ಕಾಯಿಲಿನ ಒಂದು ತುದಿ ಲೈನಿಗೆ, ಇನ್ನೊಂದು ತುದಿ ನಡುವಿನ ಸ್ಟಾರ್ ಪಾಯಿಂಟಿಗೆ. ಕಾಯಿಲಿಗೆ ಸಿಗುವುದು ಈ ಎರಡರ ನಡುವಿನ ವೋಲ್ಟೇಜು ಮಾತ್ರ. 415 ಇರುವುದು ಎರಡು ಲೈನುಗಳ ನಡುವೆ, ಅಂದರೆ ಎರಡು ಕಾಯಿಲುಗಳ ಆಚೆ ಈಚೆ. ಹಾಗಾದರೆ ಅರ್ಧ ಮಾಡಿದರೆ ಆಯ್ತಲ್ವಾ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಆರ್ ಫೇಸಿನ ಏರಿಳಿತ ಮತ್ತು ವೈ ಫೇಸಿನ ಏರಿಳಿತ ಒಟ್ಟಿಗೆ ನಡೆಯುವುದಿಲ್ಲ, ವೈ 120 ಡಿಗ್ರಿ ಹಿಂದೆ ಬರುತ್ತದೆ. ಇವೆರಡರ ವ್ಯತ್ಯಾಸವೇ ಲೈನ್ ವೋಲ್ಟೇಜು. ಹಾಳೆಯ ಮೇಲೆ ಆರ್ ಫೇಸಿಗೆ ಒಂದು ಬಾಣ ಎಳೆಯಿರಿ. ವೈ ಬಾಣವನ್ನು ತಿರುಗಿಸಿ ಅದರ ಜೊತೆ ಕೂಡಿಸಿ. ತಿರುಗಿಸಿದ ಬಾಣ ಆರ್ ಬಾಣದಿಂದ 60 ಡಿಗ್ರಿ ದೂರದಲ್ಲಿ ಬಂತು ತಾನೆ? ಒಂದೇ ಉದ್ದದ ಎರಡು ಬಾಣಗಳ ಮೊತ್ತ ಸರಿಯಾಗಿ ನಡುವೆ, 30 ಡಿಗ್ರಿಯಲ್ಲಿ ಕೂರುತ್ತದೆ. ಅದರ ಉದ್ದ, ಫೇಸ್ ವೋಲ್ಟೇಜಿನ 2 × ಕಾಸ್ 30 ಪಟ್ಟು. ಅದೇ 1.732.

ಹಾಗಾಗಿ ಫೇಸ್ ವೋಲ್ಟೇಜು 415 ÷ 1.732 = 239.6. ಮನೆಯ ಪ್ಲಗ್ಗಿನಲ್ಲಿ ಸಿಗುವ 240ರ ಆಸುಪಾಸಿನ ವೋಲ್ಟೇಜು ಇದೇ. ಗೈಡುಗಳಲ್ಲಿ 1.73 ಎಂದು ಹಾಕುತ್ತಾರೆ, ನನಗೆ ಅದು ಸರಿ ಕಾಣುವುದಿಲ್ಲ. ಕೊನೆಗೆ ತಾಳೆ ನೋಡುವಾಗ ಸುಮ್ನೆ ಗೊಂದಲ. 1.732 ಎಂದೇ ಇಟ್ಟುಕೊಳ್ಳಿ.

ಕರೆಂಟು ಒಂದೇ ಸಾಲಿನ ಕೆಲಸ: 239.6 ÷ 20 = 11.98 ಆಂಪಿಯರ್. ಲೈನಿನ ತಂತಿ ನೇರ ಕಾಯಿಲಿನೊಳಗೆ ಹೋಗುತ್ತದೆ, ನಡುವೆ ಕವಲು ಇಲ್ಲ. ಆದ್ದರಿಂದ ಲೈನ್ ಕರೆಂಟೂ ಅದೇ 11.98. ಇಲ್ಲಿ ಮತ್ತೆ 1.732 ತುರುಕುವವರು ಡೆಲ್ಟಾದ ಪಾಠವನ್ನು ತಂದು ಸ್ಟಾರಿಗೆ ಅಂಟಿಸುತ್ತಿದ್ದಾರೆ ಎಂದರ್ಥ. ಕ್ಲಾಂಪ್ ಮೀಟರಿನಲ್ಲಿ ನೋಡುವುದಾದರೆ ಒಂದೇ ತಂತಿಗೆ ಹಾಕಿ. ಮೂರೂ ತಂತಿ ಸೇರಿದ ಕೇಬಲ್ಲಿನ ಸುತ್ತ ಹಾಕಿ "ಕರೆಂಟೇ ಇಲ್ಲ ಮಾರಾಯ" ಎಂದವರನ್ನು ಕಂಡಿದ್ದೇನೆ. ಬ್ಯಾಲೆನ್ಸ್ ಆದ ಮೂರು ಕರೆಂಟುಗಳ ಮೊತ್ತ ಸೊನ್ನೆ, ಮೀಟರ್ ಅದನ್ನೇ ತೋರಿಸುತ್ತದೆ. ಹೆಸರಿಲ್ಲದ ಅಗ್ಗದ ಮೀಟರಾದರೆ ಒಂದು ತಂತಿಗೆ ಹಾಕಿದರೂ ನಂಬಬೇಡಿ.

ಒಟ್ಟು ಪವರ್‌ಗೆ ಬಂದೆವು. 1.732 × 415 × 11.98 × 0.8 = 6,889 ವ್ಯಾಟ್, ಹೆಚ್ಚುಕಡಿಮೆ 6.9 ಕಿಲೋವ್ಯಾಟ್. ಸೂತ್ರದಲ್ಲಿ ಲೈನ್ ವೋಲ್ಟೇಜು, ಲೈನ್ ಕರೆಂಟು ಇದೆ ಎಂದು, ಕೋನವನ್ನೂ ಅವೆರಡರ ನಡುವೆಯೇ ಹುಡುಕಲು ಹೊರಡುತ್ತಾರೆ ಕೆಲವರು. ಇದು ಎರಡನೇ ಗುಂಡಿ, ಸ್ವಲ್ಪ ಓದಿದವರೇ ಇದರಲ್ಲಿ ಬೀಳುವುದು ಜಾಸ್ತಿ. ಲೈನ್ ವೋಲ್ಟೇಜು ಫೇಸ್ ವೋಲ್ಟೇಜಿಗಿಂತ 30 ಡಿಗ್ರಿ ಮುಂದಿದೆ ಎಂದು ಈಗ ತಾನೆ ನೋಡಿದೆವು. ಕರೆಂಟು ತನ್ನ ಫೇಸ್ ವೋಲ್ಟೇಜಿಗಿಂತ 36.87 ಡಿಗ್ರಿ ಹಿಂದಿದೆ. ಹಾಗಾಗಿ ಆರ್-ವೈ ವೋಲ್ಟೇಜಿನಿಂದ ಆರ್ ಕರೆಂಟಿಗೆ 66.87 ಡಿಗ್ರಿ. ಅದರ ಕಾಸ್ 0.393. ಅದನ್ನು ಸೂತ್ರಕ್ಕೆ ಹಾಕಿದರೆ 3,383 ವ್ಯಾಟ್ ಬರುತ್ತದೆ, ಸರಿಯುತ್ತರದ ಅರ್ಧಕ್ಕಿಂತಲೂ ಕಡಿಮೆ. ಪವರ್ ಫ್ಯಾಕ್ಟರಿನ ಕೋನ ಯಾವತ್ತೂ ಕಾಯಿಲಿನದ್ದು, ಅದರ ಸ್ವಂತ ವೋಲ್ಟೇಜು ಮತ್ತು ಸ್ವಂತ ಕರೆಂಟಿನ ನಡುವಿನದ್ದು. 1.732 ಬಂದಿರುವುದು ಮೂರು ಫೇಸುಗಳ ಪವರ್ ಕೂಡಿಸಿ, ಫೇಸ್ ವೋಲ್ಟೇಜಿನ ಜಾಗಕ್ಕೆ ಲೈನ್ ವೋಲ್ಟೇಜು ಬರೆದದ್ದರಿಂದ. 3 ÷ 1.732 ಎಂದರೆ ಮತ್ತೆ 1.732. ಕೋನವನ್ನು ಯಾರೂ ಮುಟ್ಟಿಲ್ಲ.

ಆ 66.87 ಡಿಗ್ರಿ ಪೂರ್ತಿ ದಂಡವೂ ಅಲ್ಲ ಎನ್ನಿ. ಲ್ಯಾಬಿನಲ್ಲಿ ಎರಡು ವ್ಯಾಟ್‌ಮೀಟರ್ ಹಾಕಿ ಅಳೆದರೆ ಒಂದು ಮೀಟರ್ ತೋರಿಸುವುದು 415 × 11.98 × 0.393, ಅಂದರೆ 1,953ರ ಹತ್ತಿರ. ಇನ್ನೊಂದರಲ್ಲಿ 4,936. ಕೂಡಿಸಿದರೆ ನಮ್ಮ 6,889.

ಉತ್ತರ ಸರಿಯೇ ಎಂದು ನೋಡಲು ನನಗೆ ಇಷ್ಟವಾದ ದಾರಿ ಒಂದಿದೆ. ಪವರ್ ಖರ್ಚಾಗುವುದು ರೆಸಿಸ್ಟೆನ್ಸಿನಲ್ಲಿ ಮಾತ್ರ. ಆದ್ದರಿಂದ 3 × 11.98² × 16 ಮಾಡಿ. 6,889 ಬಂತು, ತಾಳೆಯಾಯಿತು. ಮೊದಲು ಹೇಳಿದ ತಪ್ಪನ್ನು ಮಾಡಿದವರ ಕರೆಂಟು 415 ÷ 20 = 20.75. ಅವರಿಗೆ ಸೂತ್ರದಲ್ಲಿ 11,932 ವ್ಯಾಟ್, ಈ ದಾರಿಯಲ್ಲಿ 20,667 ವ್ಯಾಟ್. ಒಂದೇ ಲೋಡಿಗೆ ಎರಡು ಉತ್ತರ ಬಂದರೆ ಎಲ್ಲೋ ಲೈನ್ ಮತ್ತು ಫೇಸ್ ಕಲಸಿವೆ. ಲೈನ್ ವೋಲ್ಟೇಜಿನ ವರ್ಗವನ್ನು 20ರಿಂದ ಭಾಗಿಸಿ 0.8ರಿಂದ ಗುಣಿಸುವ ಅಡ್ಡದಾರಿಯೂ ಇದೆ, ಉತ್ತರ ಸರಿಯಾಗಿಯೇ ಬರುತ್ತದೆ. ಆದರೆ ಕರೆಂಟು ಎಷ್ಟೆಂದು ಅದರಲ್ಲಿ ಗೊತ್ತಾಗುವುದಿಲ್ಲ. ತಂತಿ, ಫ್ಯೂಸು ಆರಿಸಲು ಕರೆಂಟೇ ಬೇಕು.

ಈ ಲೆಕ್ಕವನ್ನು ಹಾಗೇ ತೋಟದ ಮೋಟಾರಿಗೆ ಹಚ್ಚಬೇಡಿ. ಬೇಸಗೆಯಲ್ಲಿ ಎಲ್ಲರ ಪಂಪೂ ಒಟ್ಟಿಗೆ ಓಡಿ ಲೈನ್ ವೋಲ್ಟೇಜು 380ಕ್ಕೆ ಇಳಿಯಿತು ಎನ್ನಿ. ನಮ್ಮ ಕಾಯಿಲುಗಳ ಕರೆಂಟು 10.97ಕ್ಕೆ ಇಳಿಯುತ್ತದೆ, ಪವರ್ 5,776ಕ್ಕೆ. ಓಡುತ್ತಿರುವ ಮೋಟಾರಿನದ್ದು ಉಲ್ಟಾ. ಎತ್ತಬೇಕಾದ ನೀರು ಅಷ್ಟೇ ಇರುವುದರಿಂದ ಅದು ಸ್ವಲ್ಪ ನಿಧಾನವಾಗಿ, ಕರೆಂಟು ಜಾಸ್ತಿ ಎಳೆದು ಬಿಸಿಯಾಗುತ್ತದೆ. ಅದರ ಇಂಪೆಡೆನ್ಸ್ ಲೋಡಿನ ಜೊತೆ ಬದಲಾಗುತ್ತಲೇ ಇರುತ್ತದೆ. ಮೋಟಾರಿಗೆ ಕ್ಲಾಂಪ್ ಮೀಟರಿನ ಓದು ಮತ್ತು ನೇಮ್‌ಪ್ಲೇಟಿನ ಆಂಪಿಯರ್ ಎರಡನ್ನೂ ಹೋಲಿಸಿ ನೋಡಿ. ನೇಮ್‌ಪ್ಲೇಟಿನ ಕಿಲೋವ್ಯಾಟ್ ಶಾಫ್ಟಿನಲ್ಲಿ ಸಿಗುವ ಪವರ್, ಲೈನಿನಿಂದ ಎಳೆಯುವುದು ಅದಕ್ಕಿಂತ ಜಾಸ್ತಿ. ಇನ್ನು ಮೂರು ತಂತಿಯ ಕರೆಂಟು ಒಂದಕ್ಕೊಂದು ತಾಳೆಯಾಗದಿದ್ದರೆ ಲೋಡು ಬ್ಯಾಲೆನ್ಸ್ ಇಲ್ಲ. ಆಗ ಒಂದು ಫೇಸ್ ಲೆಕ್ಕ ಹಾಕಿ ಮೂರರಿಂದ ಗುಣಿಸುವುದು ನಡೆಯುವುದಿಲ್ಲ, ಪ್ರತಿ ಫೇಸನ್ನೂ ಬೇರೆ ಬೇರೆ ಮಾಡಬೇಕು.