ಸಾಗರದ ಮಳಿಗೆ ಬಾಡಿಗೆಯನ್ನು ಕುಟುಂಬದ ಪ್ಯಾನಿನಲ್ಲಿ ತೋರಿಸಿದ ನನ್ನ ಅನುಭವ

ಅಡಿಕೆ ತೋಟವಿದ್ದವರಿಗೆ ಅವಿಭಕ್ತ ಕುಟುಂಬದ ಪ್ರತ್ಯೇಕ ಪ್ಯಾನಿನಿಂದ ಯಾವ ಲಾಭವೂ ಇಲ್ಲವೆಂದು ನಮ್ಮ ಆಡಿಟರೂ ನನ್ನ ಭಾವನವರೂ ಹಟ ಹಿಡಿದು ವಾದಿಸಿದ್ದರು. ಹಲವು ವರ್ಷಗಳ ರಿಟರ್ನು ತಕರಾರಿಲ್ಲದೆ ಇತ್ಯರ್ಥವಾಗಿರುವುದರಿಂದ ಈಗ ಬರೆಯುವ ಧೈರ್ಯ ಬಂದಿದೆ.

1961ರ ಆದಾಯ ತೆರಿಗೆ ಕಾಯ್ದೆಯ ಪ್ರಕಾರ ಹಿಂದೂ ಅವಿಭಕ್ತ ಕುಟುಂಬವೂ ಒಬ್ಬ ‘ವ್ಯಕ್ತಿ’ಯೇ. ಹಿಂದೂ ಕಾನೂನಿನ ಮಿತಾಕ್ಷರ ಪದ್ಧತಿಯಲ್ಲಿ ಪಿತ್ರಾರ್ಜಿತ ಆಸ್ತಿಯ ಮೇಲೆ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿರುವಾಗ, ಅದರ ಉತ್ಪತ್ತಿಯನ್ನು ಕುಟುಂಬದ ಯಜಮಾನನಾದ ಕರ್ತೃವೊಬ್ಬನ ಸಂಪಾದನೆಯೆಂದು ಹೇಳುವುದು ನ್ಯಾಯವಲ್ಲವೆಂಬುದೇ ಇದರ ಬುಡ. ಹಾಗಾಗಿ ಆಸ್ತಿ ನಮ್ಮ ಕೈಗೆ ಯಾವ ದಾರಿಯಿಂದ ಬಂತೆಂಬುದರ ಮೇಲೆ ಎಲ್ಲವೂ ನಿಂತಿದೆ. ತಂದೆ ವಿಲ್ ಬರೆಯದೆ ತೀರಿಕೊಂಡು, ಅವರ ಸ್ವಯಾರ್ಜಿತವು 1956ರ ಉತ್ತರಾಧಿಕಾರ ಕಾಯ್ದೆಯ ಮೂಲಕ ಮಗನಿಗೆ ಬಂದರೆ ಅದು ಮಗನ ಸ್ವಂತದ್ದೆಂದು ಸರ್ವೋಚ್ಚ ನ್ಯಾಯಾಲಯ 1986ರ ಚಂದರ್ ಸೇನ್ ಪ್ರಕರಣದಲ್ಲಿ ಹೇಳಿದೆ. ನಮ್ಮ ಎರಡು ಮಳಿಗೆಗಳೂ ತೋಟವೂ ತಂದೆಯವರು ಬದುಕಿದ್ದಾಗಲೇ ಆದ ನೋಂದಾಯಿತ ಪಾಲುಪಟ್ಟಿಯಲ್ಲಿ ನನ್ನ ಹಿಸ್ಸೆಗೆ ಬಂದವು. ಪಾಲಿನಲ್ಲಿ ಬಂದ ಪಿತ್ರಾರ್ಜಿತವು ನನ್ನ, ಹೆಂಡತಿ ಮಕ್ಕಳ ಕುಟುಂಬದ ಆಸ್ತಿಯಾಗಿಯೇ ಉಳಿಯುತ್ತದೆ. 1969ರ ನರೇಂದ್ರನಾಥ್ ತೀರ್ಪನ್ನು ತೋರಿಸಿದ ಮೇಲೆ ಆಡಿಟರು ಅರ್ಧ ಮೆತ್ತಗಾದರು.

ಭಾವನವರ ಕತೆ ಬೇರೆ. ಅವರು ಸಂಬಳದ ಉಳಿತಾಯದಿಂದ ಕೊಂಡ ನಿವೇಶನವನ್ನು ಕುಟುಂಬಕ್ಕೆ ಸೇರಿಸಿದ್ದೇನೆಂದು ಅಫಿಡವಿಟ್ ಮಾಡಿಸಿದ್ದರು. 1969ರ ಡಿಸೆಂಬರ್ 31ರ ನಂತರ ಹೀಗೆ ಸೇರಿಸಿದ ಸ್ವಂತ ಆಸ್ತಿಯ ಆದಾಯ 64(2)ನೇ ಕಲಮಿನಂತೆ ಸೇರಿಸಿದವನ ಲೆಕ್ಕಕ್ಕೇ ವಾಪಸು ಬರುತ್ತದೆ. ಅವರಿಗೆ ತೆರಿಗೆಯೂ ಉಳಿಯಲಿಲ್ಲ, ವಕೀಲರ ಫೀಜೂ ದಂಡ.

ಲೆಕ್ಕವನ್ನು ನೆನಪಿನಿಂದ ಹೇಳುತ್ತೇನೆ. 2022-23ರ ಸುಮಾರಿನದು, ಹಳೆಯ ತೆರಿಗೆ ಪದ್ಧತಿಯದು. ಬಾಡಿಗೆ ವರ್ಷಕ್ಕೆ 4.8 ಲಕ್ಷ, ಅದರಲ್ಲಿ ದುರಸ್ತಿ ಇತ್ಯಾದಿಗೆಂದು ಕಾಯ್ದೆ ಬಿಡುವ ಶೇ. 30 ಕಳೆದರೆ 3.36 ಲಕ್ಷ. ನನ್ನ ಸಂಬಳವೇ ಶೇ. 30ರ ಹಂತದಲ್ಲಿದ್ದುದರಿಂದ, ಬಾಡಿಗೆಯನ್ನು ನನ್ನ ಹೆಸರಿನಲ್ಲಿ ತೋರಿಸಿದ್ದರೆ ಸೆಸ್ ಸೇರಿ 1.05 ಲಕ್ಷದಷ್ಟು ತೆರಿಗೆ ಬೀಳುತ್ತಿತ್ತು. ಕುಟುಂಬಕ್ಕೆ 2.5 ಲಕ್ಷದ ಪ್ರತ್ಯೇಕ ವಿನಾಯಿತಿಯಿದೆ. ಆದರೆ ಕಡಿಮೆ ಆದಾಯದವರ ತೆರಿಗೆಯನ್ನು ಬಿಡುವ 87ಎ ರಿಯಾಯಿತಿ ಬಿಡಿ ಮನುಷ್ಯರಿಗೆ ಮಾತ್ರ, ಕುಟುಂಬಕ್ಕಿಲ್ಲ.

ಆಡಿಟರ ನಿಜವಾದ ಆಕ್ಷೇಪಣೆ ಇದ್ದದ್ದು ತೋಟದ ಬಗ್ಗೆ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲದಿದ್ದರೂ ಉಳಿದ ಆದಾಯದ ದರ ನಿರ್ಧರಿಸಲು ಅದನ್ನು ಕೂಡಿಸಬೇಕು. ಅಡಿಕೆಯ ಆದಾಯ 9 ಲಕ್ಷವೆಂದು ಹಿಡಿದರೆ, ಬಾಡಿಗೆಯೂ ಸೇರಿದ 12.36 ಲಕ್ಷದ ಮೇಲಿನ ತೆರಿಗೆಯಿಂದ, ಆ 9 ಲಕ್ಷಕ್ಕೆ ವಿನಾಯಿತಿಯ 2.5 ಲಕ್ಷ ಕೂಡಿದ 11.5 ಲಕ್ಷದ ಮೇಲಿನದನ್ನು ಕಳೆಯಬೇಕು. ಸೆಸ್ ಸೇರಿ ಸುಮಾರು 27 ಸಾವಿರ ನಿಲ್ಲುತ್ತದೆ. ತೋಟವಿಲ್ಲದಿದ್ದರೆ ಅದು ನಾಲ್ಕೂವರೆ ಸಾವಿರವೂ ಆಗುತ್ತಿರಲಿಲ್ಲ. ಆದರೆ ಕೃಷಿಯೇತರ ಒಟ್ಟು ಆದಾಯ ವಿನಾಯಿತಿ ಮಿತಿಯನ್ನು ದಾಟಿದರೆ ಮಾತ್ರ ಈ ಕೂಡಿಕೆ ಎಂಬುದನ್ನು ಅವರು ಗಮನಿಸಿರಲಿಲ್ಲ. ನಾನು ಹೆಂಡತಿ ಮಕ್ಕಳ ಜೀವವಿಮೆಯ ಕಂತು, ಸುಮಾರು 90 ಸಾವಿರ, ಕುಟುಂಬದ ಖಾತೆಯಿಂದಲೇ ಕಟ್ಟಿದೆ. ಆ ಕಂತು ಆದಾಯದಿಂದ ಕಡಿತವಾಗುವುದರಿಂದ ಆದಾಯ 2.46 ಲಕ್ಷಕ್ಕೆ ಇಳಿಯಿತು, ತೋಟದ ಮಾತೇ ಬರಲಿಲ್ಲ, ತೆರಿಗೆ ಸೊನ್ನೆ.

ಕಿರಿಕಿರಿಯಾದದ್ದು ಬಾಡಿಗೆದಾರರಿಂದ. ತಿಂಗಳಿಗೆ 25 ಸಾವಿರ ಕೊಡುತ್ತಿದ್ದ ಒಂದು ಸಂಸ್ಥೆಯವರು ಕರಾರು ಕುಟುಂಬದ ಹೆಸರಿನಲ್ಲಿದ್ದರೂ ನನ್ನ ಸ್ವಂತ ಪ್ಯಾನಿಗೇ ಟಿಡಿಎಸ್ ಹಾಕಿಬಿಟ್ಟರು. ಪ್ಯಾನಿನ ಮೇಲೆ ಮುರಿದ ತೆರಿಗೆಯನ್ನು ತೋರಿಸುವ 26ಎಎಸ್ ಪಟ್ಟಿಯನ್ನು ತೆರೆದಾಗ ವರ್ಷದ 3 ಲಕ್ಷ ಬಾಡಿಗೆ, 30 ಸಾವಿರ ಮುರಿತ, ಎಲ್ಲವೂ ನನ್ನ ತಲೆಯ ಮೇಲಿತ್ತು. ನಾಲ್ಕನೆಯ ಅಕ್ಷರ H ಇರುವ ಕುಟುಂಬದ ಪ್ಯಾನನ್ನು ಲಿಖಿತವಾಗಿ ಕೊಟ್ಟು, ಅವರು ತಿದ್ದುಪಡಿ ಸ್ಟೇಟ್‌ಮೆಂಟ್ ಹಾಕುವವರೆಗೆ ಬೆನ್ನು ಬಿಡಲಿಲ್ಲ. ಈಗ ಪ್ರತಿ ತ್ರೈಮಾಸಿಕದ ಬಳಿಕ ಎರಡೂ ಪ್ಯಾನುಗಳ 26ಎಎಸ್ ನೋಡುತ್ತೇನೆ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ನನ್ನ ಹಣವನ್ನು ದಾನವಾಗಿ ಕೊಡದೆ ಬಡ್ಡಿಗೆ ಸಾಲವಾಗಿ ಕುಟುಂಬಕ್ಕೆ ಕೊಟ್ಟು, ಅದರಿಂದ ಠೇವಣಿ ಇಡಿಸಿದೆ. ಕಾನೂನಿನ ತೊಡಕಿರಲಿಲ್ಲ, ಆದರೆ ಸಾಲದ ಬಡ್ಡಿ ನನ್ನ ಆದಾಯವೇ ಆದ್ದರಿಂದ ಉಳಿದದ್ದು ಪುಡಿಗಾಸು, ಮರುವರ್ಷವೇ ನಿಲ್ಲಿಸಿದೆ.

2025-26ರಿಂದ ಹೊಸ ಪದ್ಧತಿಯಲ್ಲಿ ಕುಟುಂಬದ ವಿನಾಯಿತಿ ಮಿತಿ 4 ಲಕ್ಷವಾಗಿರುವುದರಿಂದ ನನಗೆ ವಿಮೆಯ ಕಂತಿನ ಆಸರೆಯೂ ಬೇಕಿಲ್ಲ. ಒಂದು ಕಟ್ಟುಪಾಡು ಮಾತ್ರ ಉಳಿದಿದೆ: ಒಮ್ಮೆ ಕುಟುಂಬವೆಂದು ತೆರಿಗೆ ನಿರ್ಧಾರವಾದ ಮೇಲೆ, 1978ರ ಡಿಸೆಂಬರ್ 31ರ ನಂತರದ ಭಾಗಶಃ ಪಾಲನ್ನು ಇಲಾಖೆ ಒಪ್ಪುವುದಿಲ್ಲ. ಮಗಳು ಒಂದು ಮಳಿಗೆಯನ್ನಷ್ಟೇ ಕೇಳಿದರೂ ತೋಟ, ಮಳಿಗೆ, ಠೇವಣಿ ಎಲ್ಲವನ್ನೂ ಒಟ್ಟಿಗೆ ಪಾಲು ಮಾಡಿ, 171ನೇ ಕಲಮಿನಡಿ ಅಧಿಕಾರಿಯಿಂದ ಆದೇಶ ಪಡೆಯಬೇಕು.