ಮಾವನ ಸಾಲದ ಪುಸ್ತಕ ಮನೆವಾರು ಖಾತೆಯಾದದ್ದು

ಮಲ್ಪೆ ಹತ್ತಿರ ನನ್ನ ಮಾವನದ್ದು ಜಿನಸಿ ಅಂಗಡಿ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆ ನಿಷೇಧ. ಬೋಟಿಗೆ ಹೋಗುವ ಮನೆಗಳ ಬಾಕಿ ಆಗ ಏರುತ್ತದೆ, ಆಗಸ್ಟ್ ಮೇಲೆ ಇಳಿಯುತ್ತದೆ. ಪುಸ್ತಕದಲ್ಲಿ ಎಲ್ಲರದೂ ತಾರೀಕಿನ ಪ್ರಕಾರ ಕಲಸಿ ಬರೆದಿರುತ್ತದೆ. ಒಂದು ಮನೆಯ ಬಾಕಿ ಹೇಳಬೇಕಾದರೆ ಪುಟ ಮಗುಚುತ್ತಲೇ ಇರಬೇಕು. ಅದನ್ನೆಲ್ಲ ನಾನು ಎಕ್ಸೆಲ್‌ಗೆ ತಂದೆ.

ಮೊದಲು ಹೆಸರು ಸರಿಮಾಡಿದೆ. ಪುಸ್ತಕದಲ್ಲಿ ಒಂದು ಕಡೆ ಶೇಖರಣ್ಣ, ಇನ್ನೊಂದು ಕಡೆ ಬೋಟ್ ಶೇಖರ, ಮತ್ತೊಂದು ಕಡೆ ಅವರ ಹೆಂಡತಿಯ ಹೆಸರು. "ಅದು ಒಂದೇ ಮನೆ ಮಾರಾಯ, ಲೆಕ್ಕ ಒಟ್ಟಿಗೇ" ಎಂದರು ಮಾವ. ಹಾಗಾಗಿ ಹೆಸರಿನ ಬದಲು ಮನೆಗೊಂದು ನಂಬರು ಕೊಟ್ಟೆ, M07 ಅಂತ. ಹೆಸರನ್ನೇ ಇಟ್ಟರೆ ಒಂದು ಅಕ್ಷರ ಬದಲಾದರೂ ಬೇರೆ ಗಿರಾಕಿ ಆಗಿಬಿಡುತ್ತದೆ.

A ತಾರೀಕು, B ನಂಬರು, C ವಿವರ, D ಕೊಟ್ಟ ಸಾಮಾನಿನ ಹಣ, E ಬಂದ ಹಣ, F ಬಾಕಿ. ತಾರೀಕಿನ ಕ್ರಮದಲ್ಲಿ ಎಲ್ಲ ತುಂಬಿಸಿ, F2ರಲ್ಲಿ ಇದನ್ನು ಹಾಕಿ ಕೆಳಗೆ ಎಳೆದೆ:

```
=SUMIFS(D$2:D2,B$2:B2,B2)-SUMIFS(E$2:E2,B$2:B2,B2)
```

ಆ ಸಾಲಿನವರೆಗೆ ಅದೇ ಮನೆಗೆ ಕೊಟ್ಟದ್ದರಲ್ಲಿ ಬಂದದ್ದನ್ನು ಕಳೆಯುತ್ತದೆ. B ಕಾಲಂಗೆ ಫಿಲ್ಟರ್ ಹಾಕಿದರೆ ಆ ಮನೆಯ ಖಾತೆ ಕಣ್ಣೆದುರು ಬರುತ್ತದೆ. ಮರೆತ ಚೀಟಿ ಸಿಕ್ಕಿದರೆ ಸೇರಿಸಿ, ತಾರೀಕಿನ ಮೇಲೆ ಮತ್ತೆ ಸಾರ್ಟ್ ಮಾಡಿ, ಸೂತ್ರವನ್ನು F2ರಿಂದ ಇನ್ನೊಮ್ಮೆ ಎಳೆಯುತ್ತೇನೆ.

ಹಣ ತೀರಿತೆಂದು ಪುಸ್ತಕದಲ್ಲಿ ಹೊಡೆದುಹಾಕಿದ ಸಾಲುಗಳನ್ನೂ ಬಿಡಬಾರದು. ಸಾಮಾನಿನ ಹಣ D, ತೀರಿಸಿದ್ದು E, ಎರಡೂ ಅದರದರ ತಾರೀಕಿಗೆ ಬರಬೇಕು.

ನಿಜವಾದ ತೊಡಕು ಇರುವುದು "ಹಿಂದಿನದು" ಎಂಬ ಬರಹದಲ್ಲಿ. ಹೊಸ ಪುಟಕ್ಕೆ ಬಂದಾಗ ಮಾವ ಖಾಯಂ ಗಿರಾಕಿಗಳ ಹಳೆ ಬಾಕಿಯನ್ನು ಮೇಲೆ ಬರೆದಿಡುತ್ತಾರೆ. M07 ನೋಡಿ. ಶುರುವಿನ ಬಾಕಿ 1,250. ಜೂನ್ 4ಕ್ಕೆ 480ರ ಸಾಮಾನು, ಬಾಕಿ 1,730. 12ಕ್ಕೆ 500 ಕೊಟ್ಟರು, 1,230. 19ಕ್ಕೆ ಕುಚ್ಚಲಕ್ಕಿ, ಎಣ್ಣೆ ಸೇರಿ 620, ಬಾಕಿ 1,850. ಮುಂದಿನ ಪುಟದ ಮೇಲೆ "ಹಿಂದಿನದು 1,850", ಆಮೇಲೆ 27ಕ್ಕೆ 310. ಸರಿಯಾದ ಬಾಕಿ 2,160. ಆ 1,850ನ್ನೂ D ಕಾಲಂಗೆ ಹಾಕಿದರೆ 4,010 ತೋರಿಸುತ್ತದೆ, ಪಾಪದವರಿಗೆ ಎರಡೆರಡು ಸಲ ಸಾಲ ಬರೆದಂತೆ. ಶುರುವಿನ ಬಾಕಿ ಮಾತ್ರ ಒಂದೇ ಒಂದು ಸಲ D ಕಾಲಂಗೆ ಹೋಗಬೇಕು.

ಆದರೆ "ಹಿಂದಿನದು" ಸುಮ್ನೆ ಬಿಡುವ ಅಂಕಿಯೂ ಅಲ್ಲ. ಅದನ್ನು G ಕಾಲಂನಲ್ಲಿ ಬರೆದು, ಅದೇ ಮನೆಯ ಹಿಂದಿನ F ಜೊತೆ ತಾಳೆ ನೋಡುತ್ತೇನೆ. ಎರಡೂ ಒಂದೇ ಇದ್ದರೆ ಅಲ್ಲಿಯವರೆಗಿನ ಲೆಕ್ಕ ಕೂಡಿಬಂತು. ಇಲ್ಲದಿದ್ದರೆ ಹುಡುಕಬೇಕಾದ್ದು ಕೊನೆಗೆ ತಾಳೆಯಾದ "ಹಿಂದಿನದು" ಮತ್ತು ಈ "ಹಿಂದಿನದು" ನಡುವಿನ ಸಾಲುಗಳಲ್ಲಿ ಮಾತ್ರ. ಜಾಸ್ತಿ ಸಲ ಒಂದು ಸಾಲು ಬಿಟ್ಟುಹೋಗಿರುತ್ತದೆ, ಇಲ್ಲ ಮಾವ ಕೂಡಿಸುವಾಗ ತಪ್ಪಿರುತ್ತಾರೆ. ಎಲ್ಲಿಯೂ ಸಿಗದಿದ್ದರೆ ಹಳೆ ಅಂಕಿ ತಿದ್ದುವುದಿಲ್ಲ. ಮಾವ, ಆ ಮನೆಯವರು ಇಬ್ಬರೂ ಒಪ್ಪಿದ ಮೇಲೆ, ಒಪ್ಪಿದ ದಿನದ ತಾರೀಕು ಹಾಕಿ "ಹೊಂದಿಕೆ" ಎಂದು ಬೇರೆ ಸಾಲು ಬರೆಯುತ್ತೇನೆ.