ಆಫ್ ಮಾಡಿ ಆನ್ ಮಾಡಿದರೆ ಸರಿಯಾಗುವ ರೌಟರ್

ಮುಂಬೈಯಲ್ಲಿ ನನ್ನ ಕೆಲಸ ನೆಟ್‌ವರ್ಕ್ ಮತ್ತು ಸಿಸಿಟಿವಿ ಹಾಕುವುದು. ಗಿರಾಕಿಗಳಲ್ಲಿ ಜಾಸ್ತಿ ಪಾಲು ನಮ್ಮವರ ಹೋಟೆಲ್‌ಗಳೇ. ಮಾಟುಂಗಾದಲ್ಲಿ ಒಂದು ಉಡುಪಿ ಹೋಟೆಲ್ ಇದೆ. ಅಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ನೆಟ್ ಕೈಕೊಡುತ್ತಿತ್ತು. ಕ್ಯಾಷಿಯರ್ ರೌಟರಿನ ಪ್ಲಗ್ ಕಿತ್ತು ಹಾಕುತ್ತಿದ್ದ, ಸರಿಯಾಗುತ್ತಿತ್ತು. ಕೊನೆಗೆ ಮಾಲೀಕರು ಬೆಳಗಿನ 5 ಗಂಟೆಗೆ ತಾನಾಗಿಯೇ ಆಫ್ ಆಗಿ ಆನ್ ಆಗುವ ಟೈಮರ್ ಸಾಕೆಟ್ ತಂದು ಹಾಕಿದರು. ಕುಂದಾಪುರದ ಕಡೆಯವರು. "ಬಂದ್ ಮಾಡಿ ಶುರು ಮಾಡಿದ್ರೆ ಸರಿಯಾಗ್ತದಲ್ಲ ಮಾರಾಯ್ರೆ, ಮತ್ತೆ ಎಂತಕ್ಕೆ ತಲೆಬಿಸಿ?" ಎಂದರು.

ಟೈಮರ್ ಹಾಕಿದ ಮೇಲೂ ಶನಿವಾರ, ಭಾನುವಾರ ಅದೇ ಗೋಳು. ಜನ ಜಾಸ್ತಿ ಇದ್ದ ದಿನವೇ ಕೆಡುತ್ತದೆ ಎಂದರೆ ಎಣಿಕೆಗೆ ಸಂಬಂಧಪಟ್ಟದ್ದು ಏನೋ ಇದೆ ಅಂತ ನನಗೆ ಅನ್ನಿಸಿತು.

ರೌಟರ್ ರೀಸ್ಟಾರ್ಟ್ ಆದಾಗ ಅದರ ಸೆಟ್ಟಿಂಗ್ ಎಲ್ಲ ಹಾಗೇ ಇರುತ್ತದೆ. ಅಳಿಸಿಹೋಗುವುದು ಕೆಲಸ ಮಾಡುತ್ತಾ ಅದು ನೆನಪಿನಲ್ಲಿ ಕೂಡಿಹಾಕಿಕೊಂಡ ಪಟ್ಟಿಗಳು. ಯಾವ ಫೋನಿಗೆ ಯಾವ ಅಡ್ರೆಸ್ ಕೊಟ್ಟೆ, ಯಾರು ಯಾವ ಸರ್ವರ್ ಜೊತೆ ಮಾತಾಡುತ್ತಿದ್ದಾರೆ, ಇಂಥವು. ಅಂಥ ಒಂದು ಪಟ್ಟಿ ತುಂಬಿಹೋಗಿದ್ದರೆ ರೀಸ್ಟಾರ್ಟ್ ನಿಜವಾಗಿಯೂ ಕೆಲಸ ಮಾಡುತ್ತದೆ. ಆದರೆ ಸಾಮಾನ್ಯ ರೌಟರುಗಳಲ್ಲಿ ಏನೇನಾಯಿತು ಅಂತ ಬರೆದಿಡುವ ಲಾಗ್ ಇರುವುದೂ ಅದೇ ನೆನಪಿನಲ್ಲಿ. ದೋಷದ ಜೊತೆಗೆ ಅದರ ಗುರುತೂ ಹೋಗಿಬಿಡುತ್ತದೆ.

ಹಾಗಾಗಿ ಒಂದು ಶನಿವಾರ ಊಟದ ಹೊತ್ತಿಗೆ ನಾನೇ ಹೋಗಿ ಕೂತೆ. ಪ್ಲಗ್ ಮುಟ್ಟಬೇಡಿ ಅಂತ ಮೊದಲೇ ಹೇಳಿದ್ದೆ. ನೆಟ್ ಹೋಯಿತು ಅಂತ ಕೂಗಿದಾಗ ನೋಡಿದರೆ, ಎಲ್ಲರಿಗೂ ಹೋಗಿರಲಿಲ್ಲ! ಬಿಲ್ಲಿಂಗ್ ಕಂಪ್ಯೂಟರ್ ಆರಾಮಾಗಿ ನಡೆಯುತ್ತಿತ್ತು. ಬೆಳಗ್ಗೆಯಿಂದ ವೈಫೈಯಲ್ಲಿದ್ದ ಸಪ್ಲೈಯರ್‌ಗಳ ಫೋನೂ ಸರಿಯಿತ್ತು. ಆಗಷ್ಟೇ ಆನ್ ಮಾಡಿದ ಆರ್ಡರ್ ಟ್ಯಾಬ್ಲೆಟ್ ಮಾತ್ರ ಸೇರುತ್ತಿರಲಿಲ್ಲ. ನನ್ನ ಲ್ಯಾಪ್‌ಟಾಪ್ ವೈಫೈಗೆ ಸೇರಿಸಿ ಈ ಆದೇಶ ಕೊಟ್ಟೆ:

```
ipconfig
```

ಬಂದ ಅಡ್ರೆಸ್ 169.254 ರಿಂದ ಶುರುವಾಗಿತ್ತು. ರೌಟರ್ ಅಡ್ರೆಸ್ ಕೊಡದೇ ಇದ್ದಾಗ ಕಂಪ್ಯೂಟರ್ ತಾನೇ ಹಾಕಿಕೊಳ್ಳುವ ಅಡ್ರೆಸ್ ಅದು. ಅದರಿಂದ ಇಂಟರ್ನೆಟ್ಟಿಗೆ ಹೋಗಲು ಆಗುವುದಿಲ್ಲ. ಆಮೇಲೆ ಕೈಯಿಂದಲೇ 192.168.1.50 ಅಂತ ಅಡ್ರೆಸ್ ಹಾಕಿದೆ, ಗೇಟ್‌ವೇ ಮತ್ತು ಡಿಎನ್ಎಸ್ ಜಾಗದಲ್ಲಿ ರೌಟರಿನ 192.168.1.1. ತಕ್ಷಣ ನೆಟ್ ಬಂತು. ಅಂದರೆ ಲೈನ್ ಸರಿ ಇದೆ, ವೈಫೈ ಸರಿ ಇದೆ, ಅಡ್ರೆಸ್ ಹಂಚುವ ಡಿಎಚ್‌ಸಿಪಿಯ ಹತ್ತಿರ ಮಾತ್ರ ಸ್ಟಾಕ್ ಖಾಲಿ.

ರೌಟರಿನ ಪುಟ ತೆರೆದರೆ ಲೆಕ್ಕ ಅಲ್ಲೇ ಇತ್ತು. ಹಂಚಲು ಇಟ್ಟಿದ್ದು 192.168.1.100 ರಿಂದ 199 ರವರೆಗೆ, ಒಟ್ಟು 100 ಅಡ್ರೆಸ್. `Lease Time` 24 ಗಂಟೆ. ಗೋಡೆಯ ಮೇಲೆ ವೈಫೈ ಪಾಸ್‌ವರ್ಡ್ ಅಂಟಿಸಿದ್ದಾರೆ. ಒಬ್ಬ ಗಿರಾಕಿ ಬಂದು ಹದಿನೈದು ನಿಮಿಷದಲ್ಲಿ ಇಡ್ಲಿ ತಿಂದು ಹೋದರೂ ಅವನ ಫೋನಿನ ಹೆಸರಿನಲ್ಲಿ ಆ ಅಡ್ರೆಸ್ ಮಾರನೇ ದಿನದವರೆಗೆ ಬುಕ್ ಆಗಿರುತ್ತದೆ. ಟೇಬಲ್ ಖಾಲಿಯಾದರೂ ರಿಸರ್ವ್ ಬೋರ್ಡ್ ತೆಗೆಯದ ಹಾಗೆ. ಗಂಟೆಗೆ 20 ಹೊಸ ಫೋನ್ ಬಂದರೂ ಐದು ಗಂಟೆಯಲ್ಲಿ 100 ಮುಗಿಯಿತು. ಬೆಳಗ್ಗೆ ಬಾಗಿಲು ತೆರೆದ ಮೇಲೆ ಊಟದ ಹೊತ್ತಿಗೆ ಸರಿಯಾಗಿ ಅಷ್ಟಾಗುತ್ತದೆ. ವಾರದ ದಿನ ಅಷ್ಟು ಜನ ಇಲ್ಲದ ಕಾರಣ ಟೈಮರ್‌ನಿಂದ ಕೆಲಸ ನಡೆದುಹೋಗುತ್ತಿತ್ತು.

ಇಷ್ಟೇ ಆಗಿದ್ದರೆ ಸುಮ್ನೆ ಒಂದು ಕಿರಿಕಿರಿ. ಆದರೆ ಮಧ್ಯಾಹ್ನದ ರೀಸ್ಟಾರ್ಟ್ ಇನ್ನೊಂದು ತೊಂದರೆಯನ್ನು ಹುಟ್ಟಿಸುತ್ತಿತ್ತು. ಅದನ್ನು ಯಾರೂ ರೌಟರಿಗೆ ಸೇರಿಸಿ ನೋಡಿರಲಿಲ್ಲ. ಅಡುಗೆಮನೆಯಲ್ಲಿ ಆರ್ಡರ್ ಚೀಟಿ ಹೊಡೆಯುವ ಕೆಒಟಿ ಪ್ರಿಂಟರ್ ಆಗಾಗ ಆರ್ಡರ್ ನುಂಗುತ್ತಿತ್ತು. ಕೌಂಟರಿನಲ್ಲಿ ಕಳಿಸಿದ್ದು ಒಳಗೆ ಪ್ರಿಂಟ್ ಆಗುತ್ತಿರಲಿಲ್ಲ. ಭಟ್ಟರು ಪ್ರಿಂಟರನ್ನು ಬೈಯುವುದು, ಸಪ್ಲೈಯರ್ ಭಟ್ಟರನ್ನು ಬೈಯುವುದು.

ಆಗುತ್ತಿದ್ದದ್ದು ಹೀಗೆ. ರೌಟರ್ ಆಫ್ ಆದಾಗ ಫೋನುಗಳಿಗೆ ವೈಫೈ ಹೋದದ್ದು ಗೊತ್ತಾಗುತ್ತದೆ, ಮತ್ತೆ ಬಂದಾಗ ಅಡ್ರೆಸ್ ಕೇಳುತ್ತವೆ. ಪ್ರಿಂಟರ್ ಮಾತ್ರ ಕೇಬಲ್‌ನಲ್ಲಿ ಒಂದು ನೆಟ್‌ವರ್ಕ್ ಸ್ವಿಚ್‌ಗೆ, ಅಂದರೆ ಕೇಬಲ್‌ಗಳನ್ನು ಕೂಡಿಸುವ ಪೆಟ್ಟಿಗೆಗೆ ಸೇರಿತ್ತು, ಆ ಸ್ವಿಚ್‌ನಿಂದ ರೌಟರಿಗೆ. ಸ್ವಿಚ್ ಆನ್ ಇದ್ದುದರಿಂದ ರೌಟರ್ ಹೋಗಿ ಬಂದದ್ದೇ ಪ್ರಿಂಟರಿಗೆ ಗೊತ್ತಾಗಲಿಲ್ಲ. ಬೆಳಗ್ಗೆ ಸಿಕ್ಕಿದ 192.168.1.100 ಅನ್ನೇ ಹಿಡಿದು ಕೂತಿತ್ತು. ರೌಟರಿನ ಪಟ್ಟಿ ಅಳಿಸಿಹೋಗಿದೆ, ಅದು 100 ಅನ್ನು ಯಾವುದೋ ಗಿರಾಕಿಯ ಫೋನಿಗೆ ಕೊಟ್ಟಿತು. ಕೊಡುವ ಮುಂಚೆ ಆ ಅಡ್ರೆಸ್‌ನಲ್ಲಿ ಯಾರಾದರೂ ಇದ್ದಾರಾ ಅಂತ ವಿಚಾರಿಸುವ ರೌಟರುಗಳಿವೆ. ಇದು ಆ ಜಾತಿಯದ್ದಲ್ಲ. ಈಗ ಒಂದೇ ಅಡ್ರೆಸ್‌ಗೆ ಇಬ್ಬರು, ಆರ್ಡರ್ ಒಮ್ಮೆ ಪ್ರಿಂಟರಿಗೆ, ಒಮ್ಮೆ ಯಾರದೋ ಜೇಬಿಗೆ.

ಇದನ್ನು ಖಚಿತ ಮಾಡಿಕೊಳ್ಳುವುದು ಸುಲಭ. ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ಇವನ್ನು ಕೊಟ್ಟೆ:

```
ping 192.168.1.100
arp -a
```

ಎರಡನೆಯದರಲ್ಲಿ ಆ ಅಡ್ರೆಸ್ಸಿನ ಮುಂದೆ ಒಂದು ಮ್ಯಾಕ್ ಸಂಖ್ಯೆ, ಅಂದರೆ ಉತ್ತರ ಕೊಟ್ಟ ಯಂತ್ರದ ಗುರುತಿನ ಸಂಖ್ಯೆ ಕಾಣುತ್ತದೆ. ಪ್ರಿಂಟರಿನ ಕೆಳಗಿನ ಸ್ಟಿಕ್ಕರ್‌ನಲ್ಲಿ ಬರೆದದ್ದಕ್ಕೂ ಅದಕ್ಕೂ ತಾಳೆಯಾಗಲಿಲ್ಲ. ಉತ್ತರ ಕೊಡುತ್ತಿದ್ದದ್ದು ಬೇರೆ ಯಾರೋ.

ರಿಪೇರಿಗೆ ಹೊಸ ಸಾಮಾನು ಏನೂ ಬೇಕಾಗಲಿಲ್ಲ. `Lease Time` ಒಂದು ಗಂಟೆಗೆ ಇಳಿಸಿದೆ. ಕೂತಿರುವವರ ಫೋನು ಅರ್ಧ ಗಂಟೆಗೊಮ್ಮೆ ತಾನೇ ನವೀಕರಿಸಿಕೊಳ್ಳುತ್ತದೆ, ಎದ್ದು ಹೋದವರದ್ದು ಗಂಟೆಯೊಳಗೆ ಬಿಡುಗಡೆ. ಪ್ರಿಂಟರಿಗೆ 192.168.1.20 ಅಂತ ಕಾಯಂ ಅಡ್ರೆಸ್ ಹಾಕಿ, ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲೂ ಅದನ್ನೇ ಬರೆದೆ. ಹಂಚಿಕೆ 100 ರಿಂದ ಶುರುವಾಗುವ ಕಾರಣ 20 ಬೇರೆಯವರಿಗೆ ಹೋಗುವುದಿಲ್ಲ. ಗಿರಾಕಿಗಳಿಗೆ ಬೇರೆ ಗೆಸ್ಟ್ ವೈಫೈ ಮಾಡಬಹುದಲ್ವಾ ಅಂತ ಮಾಲೀಕರು ಕೇಳಿದರು. ಮಾಡಬೇಕು, ಆದರೆ ಅದು ಸುರಕ್ಷತೆಗೆ. ಅಗ್ಗದ ಎಷ್ಟೋ ರೌಟರುಗಳಲ್ಲಿ ಗೆಸ್ಟ್ ವೈಫೈಯೂ ಅದೇ 100 ಅಡ್ರೆಸ್‌ಗಳಲ್ಲೇ ಪಾಲು ತೆಗೆದುಕೊಳ್ಳುತ್ತದೆ.

ಟೈಮರನ್ನೂ ತೆಗೆಸಿದೆ. ಇದಕ್ಕೆ ಮಾಲೀಕರು ಸುಲಭಕ್ಕೆ ಒಪ್ಪಲಿಲ್ಲ. "ಇದ್ರೆ ನಿಮಗೆ ಎಂತ ತೊಂದರೆ?" ಎಂದರು. ತೊಂದರೆ ಏನೆಂದರೆ, ರೌಟರಿನ ಪುಟದಲ್ಲಿ ಅದು ಎಷ್ಟು ಹೊತ್ತಿನಿಂದ ಎಚ್ಚರವಾಗಿದೆ ಅಂತ `Uptime` ತೋರಿಸುತ್ತದೆ. ಯಾರೂ ಮುಟ್ಟದೆ ಇದ್ದರೂ ಅದು ಪದೇ ಪದೇ ಸೊನ್ನೆಯಿಂದ ಶುರುವಾಗಿದ್ದರೆ, ಕರೆಂಟೂ ಹೋಗಿಲ್ಲದಿದ್ದರೆ, ಮೊದಲ ಅನುಮಾನ ಅಡಾಪ್ಟರ್ ಮೇಲೆ. ಹಳತಾದ 12 ವೋಲ್ಟ್ ಅಡಾಪ್ಟರ್ ಖಾಲಿ ಇದ್ದಾಗ ಮೀಟರಿನಲ್ಲಿ 12 ತೋರಿಸಿ, ಲೋಡ್ ಬಿದ್ದಾಗ ಕುಸಿಯುತ್ತದೆ. ದಿನಾ ಬೆಳಗ್ಗೆ ಟೈಮರ್ ಆ ಎಣಿಕೆಯನ್ನು ಸೊನ್ನೆ ಮಾಡಿದರೆ, ನಡುವೆ ಒಮ್ಮೆ ತಾನಾಗಿ ಬಿದ್ದೆದ್ದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಫೈಬರ್ ಲೈನಿನ ದೋಷವೂ ಹೀಗೆಯೇ ಮರೆಯಾಗುತ್ತದೆ. ಮುಂಬೈಯ ಮಳೆಗಾಲದಲ್ಲಿ ಹೊರಗಿನ ಜಾಯಿಂಟ್ ಡಬ್ಬಿಗೆ ನೀರಿಳಿಯುವುದು, ಕನೆಕ್ಟರ್ ಕೊಳೆಯಾಗುವುದು ಇದ್ದದ್ದೇ. ಆಗ ಎಲ್ಲರಿಗೂ ಒಟ್ಟಿಗೇ ನೆಟ್ ಹೋಗುತ್ತದೆ, ಅಡ್ರೆಸ್ ಖಾಲಿಯಾದಾಗಿನ ಹಾಗೆ ಅರ್ಧ ಜನಕ್ಕಲ್ಲ. ಫೈಬರ್ ಪೆಟ್ಟಿಗೆಯ ಪುಟದಲ್ಲಿ `Rx Power` ನೋಡಬೇಕು, ಲೈನಿನಿಂದ ಬರುವ ಬೆಳಕು ಎಷ್ಟು ಜೋರಾಗಿದೆ ಅನ್ನುವ ಸಂಖ್ಯೆ ಅದು. -20 ರ ಆಸುಪಾಸು ಇದ್ದರೆ ಚಿಂತೆಯಿಲ್ಲ, -27 ರ ಹತ್ತಿರ ಬಂದರೆ ಸಾಮಾನ್ಯ ಪೆಟ್ಟಿಗೆ ಅಂಚಿನಲ್ಲಿ ನಿಂತಿದೆ ಎಂದರ್ಥ. ಅಂಥ ಲೈನಿನಲ್ಲಿ ರೀಸ್ಟಾರ್ಟ್ ಮಾಡಿದರೆ ಪೆಟ್ಟಿಗೆ ಮತ್ತೆ ನೋಂದಣಿ ಮಾಡಿಕೊಂಡು ಸ್ವಲ್ಪ ಹೊತ್ತು ನಡೆಯಬಹುದು, ಬೆಳಕು ಮಾತ್ರ ಜಾಸ್ತಿಯಾಗುವುದಿಲ್ಲ. ಆ ಸಂಖ್ಯೆಯನ್ನು ಬಿಸಿಲಿನ ದಿನ ಒಮ್ಮೆ, ಮಳೆಯ ದಿನ ಒಮ್ಮೆ ಫೋಟೋ ತೆಗೆದು ತೋರಿಸಿದರೆ ಲೈನಿನವರು ಬಂದು ಜಾಯಿಂಟ್ ತೆರೆದು ನೋಡುತ್ತಾರೆ. ಬರೀ ನೆಟ್ ಹೋಗುತ್ತದೆ ಅಂದರೆ, ರೀಸ್ಟಾರ್ಟ್ ಮಾಡಿ ನೋಡಿ ಅಂತಲೇ ಹೇಳುತ್ತಾರೆ.